ಅಜ್ಜಿಗೂ ಸಿಗಲಿ, ಮೊಮ್ಮಗನಿಗೂ ಸಿಗಲಿ: ಟಿವಿ ಇನ್‌ಪುಟ್‌ಗೆ ಹೆಸರು, ಚಾನೆಲ್‌ಗಳಿಗೆ ಫೇವರಿಟ್ ಪಟ್ಟಿ

ಟಿವಿ ರಿಮೋಟಿನಲ್ಲಿ ಎಷ್ಟು ಹುಡುಕಿದರೂ ಫೇವರಿಟ್ ಪಟ್ಟಿ ಮಾಡುವ ದಾರಿ ಸಿಗುತ್ತಿಲ್ಲವೇ? ಸಿಗುವುದಿಲ್ಲ. ಕೇಬಲ್ ಅಥವಾ ಡಿಶ್ ಇರುವ ಮನೆಯಲ್ಲಿ ಚಾನೆಲ್‌ಗಳು ಟಿವಿಯೊಳಗೆ ಇರುವುದೇ ಇಲ್ಲ. ಅವು ಸೆಟ್ ಟಾಪ್ ಬಾಕ್ಸ್‌ನಲ್ಲಿರುತ್ತವೆ. ಬಾಕ್ಸ್ ಕಳಿಸುವ ಚಿತ್ರವನ್ನು ಟಿವಿ ಸುಮ್ನೆ ತೋರಿಸುತ್ತದೆ, ಅದು ಯಾವ ಚಾನೆಲ್ ಎಂಬುದು ಟಿವಿಗೆ ಗೊತ್ತಿಲ್ಲ. ಹಾಗಾಗಿ ಚಾನೆಲ್ ಪಟ್ಟಿಯ ಕೆಲಸವನ್ನು ಬಾಕ್ಸ್ ರಿಮೋಟಿನಲ್ಲಿ ಮಾಡಬೇಕು. ಇನ್‌ಪುಟ್‌ಗೆ, ಅಂದರೆ ಟಿವಿಗೆ ತಂತಿ ಸೇರುವ ತೂತಿಗೆ, ಹೆಸರಿಡುವ ಕೆಲಸವನ್ನು ಟಿವಿ ರಿಮೋಟಿನಲ್ಲಿ ಮಾಡಬೇಕು. ಇದಿಷ್ಟು ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಸಿರುಗುಪ್ಪದ ಕಡೆಯ ಒಂದು ಮನೆಯನ್ನು ಇಟ್ಟುಕೊಂಡು ನೋಡೋಣ. ತಾತ, ಅಜ್ಜಿ, ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ನಮ್ಮ ಗಡಿ ಭಾಗದ ಮನೆಗಳ ಹಾಗೆ ಇಲ್ಲಿಯೂ ಕನ್ನಡದ ಜೊತೆ ತೆಲುಗು ಚಾನೆಲ್ ಬೇಕೇ ಬೇಕು. ಟಿವಿಯ ಹಿಂದೆ ಮೂರು ಎಚ್‌ಡಿಎಂಐ ತೂತುಗಳಿವೆ. ಒಂದಕ್ಕೆ ಸೆಟ್ ಟಾಪ್ ಬಾಕ್ಸ್, ಇನ್ನೊಂದಕ್ಕೆ ಮಕ್ಕಳ ಗೇಮ್ ಯಂತ್ರ, ಮತ್ತೊಂದಕ್ಕೆ ಸೌಂಡ್ ಬಾರ್. ಮಕ್ಕಳು ಆಟ ಮುಗಿಸಿ ಎದ್ದು ಹೋದರೆ ಟಿವಿ ಆಟದ ಇನ್‌ಪುಟ್‌ನಲ್ಲೇ ನಿಂತಿರುತ್ತದೆ. ಆಮೇಲೆ ಅಜ್ಜಿ ಬಾಕ್ಸ್ ರಿಮೋಟ್ ಎಷ್ಟು ಒತ್ತಿದರೂ ಪರದೆ ಕಪ್ಪು. “ಏನಪ್ಪಾ, ನನ್ನ ಧಾರಾವಾಹಿ ಎಲ್ಲಿ ಹೋತು?” ಎನ್ನುತ್ತಾರೆ. ಟಿವಿ ರಿಮೋಟಿನ ಸೋರ್ಸ್ ಗುಂಡಿ ಒತ್ತಿದರೆ ಬರುವುದು HDMI 1, HDMI 2, HDMI 3. ಅದರಲ್ಲಿ ಧಾರಾವಾಹಿ ಯಾವುದು ಎಂದು ಅವರಿಗೆ ಹೇಗೆ ತಿಳಿಯಬೇಕು?

ಮೊದಲು ತಂತಿ, ಆಮೇಲೆ ಹೆಸರು

ಹೆಸರು ಅಂಟಿಕೊಳ್ಳುವುದು ಸಾಮಾನ್ಯವಾಗಿ ಟಿವಿಯ ತೂತಿಗೆ, ಯಂತ್ರಕ್ಕಲ್ಲ. HDMI 1ಕ್ಕೆ ಹೆಸರಿಟ್ಟು, ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಬಾಕ್ಸ್‌ನ ತಂತಿಯನ್ನು HDMI 2ಕ್ಕೆ ಚುಚ್ಚಿದರೆ ಹೆಸರು ಸುಳ್ಳಾಗುತ್ತದೆ. ಆದ್ದರಿಂದ ಯಾವ ತಂತಿ ಎಲ್ಲಿ ಎಂದು ಮೊದಲು ನಿರ್ಧರಿಸಿ. ಸೌಂಡ್ ಬಾರ್ ಇದ್ದರೆ ಅದಕ್ಕೆ ARC ಎಂದು ಬರೆದಿರುವ ತೂತನ್ನೇ ಕೊಡಬೇಕು, ಇಲ್ಲದಿದ್ದರೆ ಟಿವಿಯ ಧ್ವನಿ ಅದಕ್ಕೆ ಹೋಗುವುದಿಲ್ಲ. ಉಳಿದವು ಎಲ್ಲಾದರೂ ಸರಿ. ಆಮೇಲೆ ಪ್ರತಿ ತಂತಿಯ ತುದಿಗೆ ಕಾಗದದ ಟೇಪ್ ಸುತ್ತಿ, ತೂತಿನ ಸಂಖ್ಯೆ ಬರೆಯಿರಿ.

ಈಗ ಟಿವಿ ರಿಮೋಟ್ ಹಿಡಿಯಿರಿ. ಗೂಗಲ್ ಟಿವಿ, ಆಂಡ್ರಾಯ್ಡ್ ಟಿವಿಗಳಲ್ಲಿ ಸಾಮಾನ್ಯವಾಗಿ Settings ಒಳಗೆ Inputs ಅಥವಾ Channels & Inputs ಇರುತ್ತದೆ. ಅಲ್ಲಿ HDMI 1 ಆರಿಸಿದರೆ ಹೆಸರು ಬದಲಿಸುವ ಜಾಗ ಸಿಗುತ್ತದೆ. ಬೇರೆ ಕೆಲವು ಟಿವಿಗಳಲ್ಲಿ ಸೋರ್ಸ್ ಪಟ್ಟಿಯಲ್ಲೇ Edit ಇರುತ್ತದೆ. ಕೆಲವು ಟಿವಿಗಳು ತಾವೇ ಕೊಟ್ಟ ಹೆಸರುಗಳಲ್ಲಿ ಒಂದನ್ನು ಆರಿಸಲು ಮಾತ್ರ ಬಿಡುತ್ತವೆ. ಕೆಲವು ನಮಗೆ ಬೇಕಾದದ್ದನ್ನು ಬರೆಯಲು ಬಿಡುತ್ತವೆ. ಬರೆಯುವ ಕೀಲಿಮಣೆ ಹೆಚ್ಚಾಗಿ ಇಂಗ್ಲಿಷ್ ಅಕ್ಷರದ್ದು. ಹೆಸರು ಉದ್ದವಾದರೆ ಪರದೆಯಲ್ಲಿ ಅರ್ಧಕ್ಕೇ ತುಂಡಾಗುತ್ತದೆ, ಅದಕ್ಕೆ ಚಿಕ್ಕದಾಗಿ ಇಡಿ. ಈ ಮನೆಗೆ ನಾನು ಆರಿಸುವ ಹೆಸರುಗಳು TV ಮತ್ತು AATA. ಇಂಗ್ಲಿಷ್ ಓದಲು ಬಾರದ ಅಜ್ಜಿಯೂ TV ಎಂಬ ಎರಡು ಅಕ್ಷರದ ಆಕಾರವನ್ನು ಗುರುತಿಸಬಲ್ಲರು. ಕಂಪನಿಯ ಹೆಸರು ಇಡಬೇಡಿ. ಮನೆಯವರು ಬಾಯಲ್ಲಿ ಏನೆನ್ನುತ್ತಾರೋ ಅದನ್ನೇ ಇಡಿ.

ಒಂದು ಹೆಸರಿನ ಬಗ್ಗೆ ಎಚ್ಚರ ಬೇಕು, ಅದು PC. ಕೆಲವು ಟಿವಿಗಳಲ್ಲಿ ಇನ್‌ಪುಟ್‌ಗೆ PC ಎಂಬ ಹೆಸರು ಕೊಟ್ಟರೆ ಟಿವಿ ಅದನ್ನು ಕಂಪ್ಯೂಟರ್ ಎಂದೇ ನಂಬಿ ಚಿತ್ರದ ಸೆಟ್ಟಿಂಗ್ ಬದಲಿಸುತ್ತದೆ. ಚಿತ್ರದ ಕೆಲವು ಆಯ್ಕೆಗಳು ಮಾಯವಾಗುತ್ತವೆ, ಬಣ್ಣವೂ ಬೇರೆ ಕಾಣುತ್ತದೆ. ಹೆಸರಿಟ್ಟ ಕೂಡಲೇ ಚಿತ್ರ ಬದಲಾದರೆ ಮೊದಲು ಹೆಸರನ್ನೇ ನೋಡಿ.

ಕೆಲವು ಟಿವಿಗಳಲ್ಲಿ ಆನ್ ಆದಾಗ ಯಾವ ಇನ್‌ಪುಟ್ ತೆರೆಯಬೇಕು ಎಂದೂ ಹೇಳಿಡಬಹುದು. ನಿಮ್ಮ ಟಿವಿಯಲ್ಲಿ ಆ ಆಯ್ಕೆ ಇದ್ದರೆ ಬಾಕ್ಸ್‌ನ ಇನ್‌ಪುಟ್‌ಗೆ ಇಡಿ. ಅಜ್ಜಿಗೆ ಸೋರ್ಸ್ ಗುಂಡಿಯ ಗೊಡವೆಯೇ ಇರುವುದಿಲ್ಲ.

ಪಟ್ಟಿ ಚಿಕ್ಕದಿರಲಿ

ಈಗ ಬಾಕ್ಸ್ ರಿಮೋಟ್. ಮೊದಲು ಕಾಗದದಲ್ಲಿ ಬರೆಯಿರಿ. ಈ ಮನೆಯವರು ನಿಜವಾಗಿ ನೋಡುವುದು ಇಷ್ಟು: ಡಿಡಿ ಚಂದನ, ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಟಿವಿ9 ಕನ್ನಡ, ಪಬ್ಲಿಕ್ ಟಿವಿ, ಜೆಮಿನಿ, ಈಟಿವಿ ತೆಲುಗು, ಚಿಂಟು ಟಿವಿ, ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ. ಒಟ್ಟು 11. ಯಾವಾಗಲಾದರೂ ಬೇಕಾದೀತು ಎಂದು 40 ಚಾನೆಲ್ ತುಂಬಿದರೆ ಅದು ಮತ್ತೆ ಹಳೆಯ ಉದ್ದ ಪಟ್ಟಿಯೇ ಆಗುತ್ತದೆ. ಅಪರೂಪಕ್ಕೆ ನೋಡುವುದನ್ನು ಅಪರೂಪಕ್ಕೇ ಹುಡುಕಿಕೊಳ್ಳಲಿ.

ಒಂದೇ ಚಾನೆಲ್ ಎರಡು ಕಡೆ ಕಾಣಬಹುದು, ಸಾದಾ ಒಂದು, ಎಚ್‌ಡಿ ಒಂದು. ನಿಮ್ಮ ಪ್ಯಾಕ್‌ನಲ್ಲಿ ಯಾವುದು ಇದೆಯೋ ಅದನ್ನು ಮಾತ್ರ ಸೇರಿಸಿ. ಎರಡೂ ಸೇರಿಸಿದರೆ ಒಂದರಲ್ಲಿ ಚಿತ್ರದ ಬದಲು ಈ ಚಾನೆಲ್‌ಗೆ ಹಣ ಕಟ್ಟಿಲ್ಲ ಎಂಬ ಸಂದೇಶ ಬರುತ್ತದೆ. ಬಾಕ್ಸ್ ಕೆಟ್ಟಿತು ಎಂದು ತಾತ ಗಾಬರಿಯಾಗುತ್ತಾರೆ.

ಸೇರಿಸುವ ದಾರಿ ಬಾಕ್ಸ್‌ನಿಂದ ಬಾಕ್ಸ್‌ಗೆ ಸ್ವಲ್ಪ ಬೇರೆ. ಹೆಚ್ಚಿನವುಗಳಲ್ಲಿ ಮೆನು ಒಳಗೆ Favourites ಇರುತ್ತದೆ. ಅಲ್ಲಿ ಚಾನೆಲ್ ಮೇಲೆ ನಿಂತು ಓಕೆ ಅಥವಾ ಬಣ್ಣದ ಗುಂಡಿ ಒತ್ತಿದರೆ ಹೃದಯ, ನಕ್ಷತ್ರ ಅಥವಾ ಟಿಕ್ ಗುರುತು ಬೀಳುತ್ತದೆ. ಮುಗಿದ ಮೇಲೆ ಬಾಕ್ಸನ್ನು ಹಾಗೇ ಆಫ್ ಮಾಡಬೇಡಿ. ಎಷ್ಟೋ ಬಾಕ್ಸ್‌ಗಳು ಮೆನುವಿನಿಂದ ಹೊರಗೆ ಬರುವಾಗ ಮಾತ್ರ ಉಳಿಸಿಕೊಳ್ಳುತ್ತವೆ. ಅಷ್ಟರಲ್ಲಿ ಕರೆಂಟ್ ಹೋದರೆ ಮಾಡಿದ ಕೆಲಸವೆಲ್ಲ ಹೋಗುತ್ತದೆ. ಒಮ್ಮೆ ಸರಿಯಾಗಿ ಉಳಿದ ಪಟ್ಟಿ ಮಾತ್ರ ಕರೆಂಟ್ ಹೋಗಿ ಬಂದರೂ ಹಾಗೇ ಇರುತ್ತದೆ.

ಪಟ್ಟಿಯ ಸಾಲು ನಿಮ್ಮ ಇಷ್ಟದಂತೆ ಬಾರದಿರಬಹುದು. ಕೆಲವು ಬಾಕ್ಸ್‌ಗಳು ಚಾನೆಲ್ ಸಂಖ್ಯೆಯ ಸಾಲಿನಲ್ಲೇ ಜೋಡಿಸುತ್ತವೆ, ಅದನ್ನು ಬದಲಿಸಲು ಬಿಡುವುದಿಲ್ಲ. 11 ಚಾನೆಲ್ ಇದ್ದಾಗ ಅದೇನೂ ದೊಡ್ಡ ತೊಂದರೆ ಅಲ್ಲ.

ಚಾನೆಲ್‌ಗಳು ಮಾಯವಾದವು ಎಂದಾಗ

ಒಂದು ದಿನ ಯಾರಾದರೂ ಬಂದು “ಅರ್ಧ ಚಾನೆಲ್ ಬರ್ತಾನೇ ಇಲ್ಲ” ಎನ್ನುತ್ತಾರೆ. ಮೇಲೆ ಕೆಳಗೆ ಒತ್ತಿದರೆ ಅದೇ ಹನ್ನೊಂದು ಸುತ್ತಿ ಸುತ್ತಿ ಬರುತ್ತಿದ್ದರೆ, ಬಾಕ್ಸ್ ಫೇವರಿಟ್ ಪಟ್ಟಿಯೊಳಗೆ ಇದೆ ಎಂದರ್ಥ. ಏನೂ ಕಳೆದಿಲ್ಲ. ಬಾಕ್ಸ್ ರಿಮೋಟಿನಲ್ಲಿ ಈ ಪಟ್ಟಿ ತೆರೆಯುವ FAV ಗುಂಡಿಯನ್ನು ಮತ್ತೆ ಒತ್ತಿ All ಅಥವಾ All Channels ಆರಿಸಿದರೆ ಎಲ್ಲ ವಾಪಸ್ ಬರುತ್ತವೆ. ಇದನ್ನು ಮನೆಯ ಎಲ್ಲರಿಗೂ ಒಮ್ಮೆ ಮಾಡಿ ತೋರಿಸಿ. ಇಲ್ಲದಿದ್ದರೆ ಯಾರಾದರೂ ಬಾಕ್ಸ್ ರೀಸೆಟ್ ಮಾಡುತ್ತಾರೆ, ಪಟ್ಟಿ ನಿಜವಾಗಿಯೂ ಅಳಿಸಿ ಹೋಗುತ್ತದೆ.

ಹಳ್ಳಿಗಳಲ್ಲಿ ಡಿಡಿ ಫ್ರೀ ಡಿಶ್ ಇರುವವರಿಗೆ ಇನ್ನೊಂದು ವಿಷಯ. ಅಲ್ಲಿ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಪಡೆಯುತ್ತವೆ, ಹಾಗಾಗಿ ಪಟ್ಟಿ ಬದಲಾಗುತ್ತಾ ಇರುತ್ತದೆ. ಹೊಸ ಚಾನೆಲ್ ಬೇಕೆಂದರೆ ಮತ್ತೆ ಸ್ಕ್ಯಾನ್ ಮಾಡಬೇಕು. ಸ್ಕ್ಯಾನ್ ಮಾಡುವಾಗ ಹಳೆಯ ಚಾನೆಲ್‌ಗಳನ್ನು ಅಳಿಸುವ ಆಯ್ಕೆ ಕೊಟ್ಟರೆ ಫೇವರಿಟ್ ಗುರುತುಗಳೂ ಅದರ ಜೊತೆ ಹೋಗುತ್ತವೆ. ಆಗ ಮೊದಲಿನಿಂದ ಗುರುತು ಹಾಕಬೇಕು. ಅದಕ್ಕೇ ಮೊದಲು ಬರೆದ ಕಾಗದವನ್ನು ಎಸೆಯದೆ ಟಿವಿಯ ಹಿಂಭಾಗಕ್ಕೆ ಟೇಪಿನಿಂದ ಅಂಟಿಸಿಡಿ. ಯಾವ ತೂತಿಗೆ ಯಾವ ಹೆಸರು ಎಂಬುದನ್ನೂ ಅದರಲ್ಲೇ ಬರೆದಿಡಿ.