ಜಿಟರ್ 0.6 ಬಂದರೂ ದನಿ ಒಡಕೇ

ಮಂಡ್ಯದ ಬಾಡಿಗೆ ಕೋಣೆಯಲ್ಲಿ ಕೂತು ಜಿಟರ್, ಶಿಮ್ಮರ್ ಅಳೀತೀನಿ ಅಂದಾಗ ನಕ್ಕವರೇ ಜಾಸ್ತಿ. ದನಿಯ ಕಂಪನದಲ್ಲಿ ಒಂದೊಂದು ಸುತ್ತಿನ ಉದ್ದ ಎಷ್ಟು ಏರುಪೇರಾಗುತ್ತದೆ ಅನ್ನೋದು ಜಿಟರ್, ಜೋರು ಎಷ್ಟು ಏರುಪೇರಾಗುತ್ತದೆ ಅನ್ನೋದು ಶಿಮ್ಮರ್. ನನಗೆ ಕೇಸ್ ಕಳಿಸುವ ಇಎನ್‌ಟಿ ಡಾಕ್ಟರು "ನಿಮ್ಮ ನಂಬರ್‌ಗಿಂತ ನನ್ನ ಕಿವಿ ವಾಸಿ" ಎನ್ನುತ್ತಿದ್ದರು. ಈಗ ಅವರೇ ಗಂಟಲೊಳಗೆ ಕ್ಯಾಮೆರಾ ಬಿಟ್ಟು ಸ್ಕೋಪಿ ಮಾಡಿದ ದಿನ ನನ್ನ ಪ್ರಿಂಟ್ ಬಂತಾ ಎಂದು ಕೇಳುತ್ತಾರೆ.

ಮೊದಲು ದುಡ್ಡು ಹಾಳಾಯಿತು. ಎಂಟುನೂರು ರೂಪಾಯಿಯ ಮೈಕ್ ತಂದೆ. ಲ್ಯಾಪ್‌ಟಾಪ್ ಫ್ಯಾನಿನ ಸದ್ದೆಲ್ಲ ಅದರಲ್ಲಿ ಸೇರಿ, ಗಟ್ಟಿ ಗಂಟಲಿನವರಿಗೂ ಶಿಮ್ಮರ್ ಏರುತ್ತಿತ್ತು. ಕೊನೆಗೆ ತಲೆಗೆ ಹಾಕುವ ಕಂಡೆನ್ಸರ್ ಮೈಕ್, ಇಂಟರ್‌ಫೇಸ್ ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ ಆಯಿತು. ಗೋಡೆಗೆ ಹಳೇ ಹತ್ತಿ ಹಾಸಿಗೆ ಹೊಡೆಸಿದೆ. ಅದು ಬಿಟ್ಟಿ.

ಡಾಕ್ಟರಿಗೆ ನಂಬಿಕೆ ಬಂದಿದ್ದು ಮದ್ದೂರು ಕಡೆಯ ಒಬ್ಬ ಟೀಚರ್ ಕೇಸಿನಿಂದ. ದನಿತಂತುವಿನಲ್ಲಿ ನಾಡ್ಯೂಲ್ ಅನ್ನುವ ಗಂಟು ಇತ್ತು, ದನಿ ಚೆನ್ನಾಗಿಯೇ ಒಡೆದಿತ್ತು. 'ಆ' ಎಳೆಸಿ, ನಡುವಿನ ಮೂರು ಸೆಕೆಂಡ್ ತೆಗೆದು, ದನಿ ಅಳೆಯುವ ಸಾಫ್ಟ್‌ವೇರ್ `Praat`ನ `Voice report` ನೋಡಿದರೆ ಜಿಟರ್ ಸುಮಾರು ಶೇಕಡಾ 0.6. ಎಂಡಿವಿಪಿ ಎನ್ನುವ ಇನ್ನೊಂದು ಸಾಫ್ಟ್‌ವೇರಿನ ಗಡಿ 1.04 ಅಲ್ವಾ, ಅಂದರೆ ನಾರ್ಮಲ್! ಆದರೆ `Mean pitch` 98 ಹರ್ಟ್ಜ್ ಇತ್ತು. ಕಿವಿಗೆ ಅಷ್ಟು ದಪ್ಪ ದನಿ ಕೇಳಿಸಿರಲಿಲ್ಲ.

ಆಗಿದ್ದು ಇಷ್ಟು. ಅವರ ದನಿಯಲ್ಲಿ ಒಂದು ಸುತ್ತು ಉದ್ದ, ಮುಂದಿನದು ಗಿಡ್ಡ, ಮತ್ತೆ ಉದ್ದ. ಸಾಫ್ಟ್‌ವೇರ್ ಎರಡನ್ನೂ ಜೋಡಿಸಿ ಒಂದು ಸುತ್ತು ಎಂದುಕೊಂಡಿತು. ಜೋಡಿಗಳೆಲ್ಲ ಒಂದೇ ಅಳತೆಯವು, ಹಾಗಾಗಿ ಜಿಟರ್ ಇಳಿಯಿತು. ಪಿಚ್‌ನ ಕೆಳಮಿತಿಯನ್ನು 75ರಿಂದ 150ಕ್ಕೆ ಏರಿಸಿದೆ. ಪಿಚ್ 196 ಆಯಿತು, ಜಿಟರ್ ಆರರ ಹತ್ತಿರ ಹಾರಿತು. ಎರಡರಲ್ಲಿ ಯಾವುದು ಸರಿ? ಎರಡನ್ನೂ ರಿಪೋರ್ಟಿಗೆ ಹಾಕಲಿಲ್ಲ.

ಸ್ಪೆಕ್ಟ್ರೋಗ್ರಾಮ್‌ನ `Window length` 0.05 ಮಾಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಹಾರ್ಮೋನಿಕ್ ಗೆರೆಗಳ ಸರಿ ನಡುವೆ ಇನ್ನೊಂದು ತೆಳು ಗೆರೆ. ದನಿ ವಿಜ್ಞಾನಿ ಟಿಟ್ಸೆ ಹೇಳುವ ಟೈಪ್ 2 ಸಿಗ್ನಲ್ ಇದೇ. ಇಲ್ಲಿ ಜಿಟರ್ ಬಿಟ್ಟು, ದನಿ ಒಟ್ಟಾರೆ ಎಷ್ಟು ಕ್ರಮವಾಗಿದೆ ಎಂದು ಹೇಳುವ ಸಿಪಿಪಿಎಸ್ ತೆಗೆದೆ, ಯಾಕಂದರೆ ಅದಕ್ಕೆ ಸುತ್ತು ಸುತ್ತಾಗಿ ಎಣಿಸುವ ಗೋಜಿಲ್ಲ. ಎರಡು ತಿಂಗಳ ಥೆರಪಿ ಆದಮೇಲೆ ಸಿಪಿಪಿಎಸ್ ಏರಿತು, ನಡುಗೆರೆ ಮಾಯವಾಯಿತು. ಆಗ ಜಿಟರ್ ತೆಗೆದರೆ 0.7, ಪಿಚ್ 200ರ ಆಸುಪಾಸು. ಆಮೇಲಿನ ಸ್ಕೋಪಿಯಲ್ಲಿ ಗಂಟೂ ಸಣ್ಣಗಾಗಿತ್ತು. ಇದನ್ನು ಧೈರ್ಯವಾಗಿ ಬರೆದೆ.

ಮಧ್ಯೆ ಸುಮ್ನೆ ನನ್ನ ದನಿಯ ಮೇಲೂ ಆಟ ಆಡಿದೆ. ಮೆಲ್ಲಗೆ 'ಆ' ಅಂದರೆ, ಜೋರಾಗಿ ಅಂದಾಗ ಬಂದ ಜಿಟರಿನ ಎರಡರಷ್ಟು ಬರುತ್ತದೆ. ಗಂಟಲು ಅದೇ. ಹಾಗಾಗಿ ಥೆರಪಿಗೆ ಮುಂಚೆ, ಆಮೇಲೆ ಎರಡೂ ಸಲ ಸದ್ದಿನ ಮೀಟರ್ ಇಟ್ಟು ಒಂದೇ ಜೋರಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಇಲ್ಲದಿದ್ದರೆ ಪೇಷಂಟ್ ಸ್ವಲ್ಪ ಜೋರಾಗಿ ಕೂಗಿದ್ದೇ ಗುಣ ಆದಂತೆ ಕಾಣುತ್ತದೆ. ಮೀಟರ್ ನೋಡದೆ ಅವರು ಆ ಜೋರು ಹಿಡಿಯುವಂತೆ ಮಾಡಲು ಒಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗೆರೆಗಳೇ ಕಾಣದೆ ಪೂರ್ತಿ ಚದುರಿದ ದನಿ ಬಂದರೆ ಜಿಟರ್ ಕಾಲಂ ಖಾಲಿ ಬಿಡುತ್ತೇನೆ. ಮೊದಲೆಲ್ಲ ಡಾಕ್ಟರು ಫೋನ್ ಮಾಡಿ ಯಾಕೆ ಎಂದು ಕೇಳುತ್ತಿದ್ದರು, ಈಗ ಕೇಳುವುದಿಲ್ಲ.