ಲೋಗೋದ ಸೂಜಿಗೆ ಹೊಲಿಗೆ ಸದ್ದು ಕೂಡಿಸಿದ್ದು ಹೀಗೆ

ಟೈಲರ್ ಅಂಗಡಿಯ ಆನಿಮೇಷನ್ ಲೋಗೋ. ಸೂಜಿ ಹೆಸರನ್ನು ಹೊಲಿಯುತ್ತಾ ಹೋಗಬೇಕು, ಜೊತೆಗೆ ಮಷೀನಿನ ಟಕಟಕ. ಒಂದು ಸೆಕೆಂಡಿಗೇ ತಾಳ ತಪ್ಪುತ್ತಿತ್ತು. ಸೂಜಿ ಮೇಲಿದ್ದಾಗ ಸದ್ದು! ಆಡಿಯೋ ಸರಿಸಿದರೆ ಶುರು ಸರಿಯಾಗಿ ಕೊನೆ ಕೆಡುತ್ತಿತ್ತು. ಎಳೆದು ಹೊಂದಿಸಿದರೆ ದನಿಯೇ ಒಡೆಯಿತು.

ನಿಜವಾದ ಮಷೀನು ಒಂದೇ ವೇಗದಲ್ಲಿ ಓಡಲ್ಲ ಅಲ್ವಾ? ಹಾಗಾಗಿ ರೆಕಾರ್ಡಿಂಗಿನಿಂದ ಒಂದೇ ಹೊಲಿಗೆಯ ಸದ್ದು ತೆಗೆದುಕೊಂಡೆ. ಮೊದಲು ಬ್ಲೆಂಡರ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್ ಇಟ್ಟೆ. ಸೂಜಿ 1ನೇ ಫ್ರೇಮಿನಲ್ಲಿ ಮೇಲೆ, 3ರಲ್ಲಿ ಕೆಳಗೆ, 6ರಲ್ಲಿ ಮತ್ತೆ ಮೇಲೆ. ಅದೇ ಚಲನೆ ಮತ್ತೆ ಮತ್ತೆ ಬರಲೆಂದು ಅದಕ್ಕೆ Cycles ಮಾಡಿಫೈಯರ್ ಹಾಕಿದೆ. ಅಂದರೆ ಹೊಲಿಗೆಗೆ 5 ಫ್ರೇಮ್, 0.2 ಸೆಕೆಂಡ್. ಆಡಾಸಿಟಿಯಲ್ಲಿ ‘ಟಕ್’ ಅನ್ನುವ ಜಾಗ 0.08 ಸೆಕೆಂಡಿಗೆ ಬರುವಂತೆ ಮುಂದೆ ಮೌನ ಸೇರಿಸಿ, ಆಮೇಲೆ ಮೌನವೂ ಸೇರಿ ತುಣುಕು ಸರಿಯಾಗಿ 0.2 ಸೆಕೆಂಡ್ ಇರುವಂತೆ ಕತ್ತರಿಸಿದೆ. Repeat 14 ಕೊಟ್ಟರೆ ಒಟ್ಟು 15 ಹೊಲಿಗೆ, 3 ಸೆಕೆಂಡ್. WAV ಮಾಡಿ 1ನೇ ಫ್ರೇಮಿಗೆ ಕೂರಿಸಿದೆ. ಎಂಪಿ3 ಬೇಡ, ಅದು ಶುರುವಿನಲ್ಲಿ ಚೂರು ಮೌನ ಸೇರಿಸುತ್ತದೆ. ಹೊಲಿಗೆ ಮುಗಿದೊಡನೆ ಬರುವ ಕತ್ತರಿಯ ‘ಕಚ್’ ಮಾತ್ರ 76ನೇ ಫ್ರೇಮಿಗೆ.