ಬಸ್ಸಿನ ಬೋರ್ಡಿನಲ್ಲಿ ಅಳಿಸಿಹೋದ ಊರ ಹೆಸರನ್ನು ಫೋಟೋದಲ್ಲಿ ಮತ್ತೆ ಬೆಳಗಿಸುವುದು ಹೇಗೆ?

ಕೊಪ್ಪಳದ ನಮ್ಮ ಸ್ಟುಡಿಯೋಗೆ ಒಬ್ಬ ಹುಡುಗ ಮೊಬೈಲ್ ಹಿಡಿದು ಬಂದ. ಅವನ ಅಪ್ಪ ಬಸ್ ಡ್ರೈವರ್, ನಿವೃತ್ತಿಯ ದಿನ ಬಸ್ಸಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಅದು. ಬೀಳ್ಕೊಡುಗೆಯ ಬ್ಯಾನರ್‌ಗೆ ಬೇಕಿತ್ತು. "ಅಣ್ಣಾ, ಬೋರ್ಡಿನ್ಯಾಗ ಊರ ಹೆಸರ ಕಾಣವಲ್ದು. ಅಪ್ಪ ಓಡ್ಸಿದ ರೂಟ್ ಅದು, ಹೆಸರು ಕಾಣಬೇಕು" ಅಂದ. ಬೋರ್ಡಿನಲ್ಲಿ ಇದ್ದದ್ದು 'ಕೊಪ್ಪಳ - ಕುಷ್ಟಗಿ'. ಫೋಟೋದಲ್ಲಿ ಕಾಣುತ್ತಿದ್ದದ್ದು ಹರಿದುಹೋದ ಕೆಲವು ಗೆರೆಗಳು ಮಾತ್ರ.

ಬೋರ್ಡ್ ಕೆಟ್ಟಿರಲಿಲ್ಲ. ಎಲ್‌ಇಡಿ ದೀಪದ ಚುಕ್ಕಿಗಳಿಂದ ಹೆಸರು ಬೆಳಗುವ ಇಂಥ ಬೋರ್ಡಿನಲ್ಲಿ ಎಲ್ಲ ಚುಕ್ಕಿಗಳೂ ಒಂದೇ ಸಲಕ್ಕೆ ಉರಿಯುವುದಿಲ್ಲ. ಕೆಲವು ಅಡ್ಡ ಸಾಲುಗಳು ಒಂದು ಕ್ಷಣ, ಆಮೇಲೆ ಮುಂದಿನವು, ಹೀಗೆ ಸರದಿಯಂತೆ ಉರಿಯುತ್ತವೆ. ಸರದಿ ಎಷ್ಟು ವೇಗವಾಗಿರುತ್ತದೆ ಅಂದರೆ ಕಣ್ಣಿಗೆ ಎಲ್ಲವೂ ಒಟ್ಟಿಗೆ ಉರಿದಂತೆ ಕಾಣುತ್ತದೆ. ಬಿಸಿಲಲ್ಲಿ ಮೊಬೈಲ್ ಕ್ಯಾಮೆರಾ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟೇ ಕಣ್ಣು ತೆರೆಯುತ್ತದೆ. ಆ ಹೊತ್ತಿಗೆ ಯಾವ ಸಾಲಿನ ಸರದಿ ಇತ್ತೋ ಅದಷ್ಟೇ ಫೋಟೋಗೆ ಸಿಗುತ್ತದೆ. ಈ ಫೋಟೋದಲ್ಲಿ 16 ಸಾಲುಗಳ ಪೈಕಿ 8 ಸಿಕ್ಕಿದ್ದವು.

ಮೊದಲು ಚುಕ್ಕಿ ಎಣಿಸಿ

ಫೋಟೋವನ್ನು ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆರೆದು ಚೆನ್ನಾಗಿ ದೊಡ್ಡದು ಮಾಡಿ. ಆರಿದ ಚುಕ್ಕಿಗಳೂ ಮಂಕಾಗಿ ಕಾಣುತ್ತವೆ. ಬೋರ್ಡಿನ ಎಡ ತುದಿಯಲ್ಲಿ 21 ಚುಕ್ಕಿ ಎಣಿಸಿ, ಮೊದಲನೆಯದರ ನಡುವಿನಿಂದ ಕೊನೆಯದರ ನಡುವಿಗೆ ಅಳೆಯಿರಿ. ಇಪ್ಪತ್ತೊಂದು ಚುಕ್ಕಿಗೆ ಇಪ್ಪತ್ತು ಅಂತರ. ನನಗೆ 172 ಪಿಕ್ಸೆಲ್ ಬಂತು, ಅಂದರೆ ಒಂದು ಅಂತರಕ್ಕೆ 8.6. ಬಲ ತುದಿಯಲ್ಲಿ ಹಾಗೇ ಅಳೆದರೆ 162 ಬಂತು, ಅಂದರೆ 8.1. ಬಸ್ಸು ಸ್ವಲ್ಪ ಓರೆಯಾಗಿ ನಿಂತಿತ್ತು, ದೂರದ ಕಡೆ ಚುಕ್ಕಿಗಳು ಹತ್ತಿರವಾಗಿವೆ. ಹಾಗಾಗಿ ಫೋಟೋದ ಮೇಲೆಯೇ ನೇರವಾಗಿ ಚುಕ್ಕಿ ಇಡಲು ಹೋಗಬೇಡಿ, ಎಲ್ಲಾದರೂ ತಪ್ಪೇ ತಪ್ಪುತ್ತದೆ. ಬೇರೆ ಕಡೆ ಸಮವಾಗಿ ಬರೆದು, ಆಮೇಲೆ ಓರೆ ಮಾಡಬೇಕು.

ಉದ್ದಕ್ಕೆ ಒಟ್ಟು ಎಷ್ಟು ಚುಕ್ಕಿ ಇವೆ ಅನ್ನುವುದನ್ನೂ ಎಣಿಸಿ ಬರೆದಿಟ್ಟುಕೊಳ್ಳಿ. ಇಲ್ಲಿ 128 ಇದ್ದವು.

ಅಕ್ಷರ

ನಿಜವಾದ ಕೆಲಸ ಇಲ್ಲಿದೆ. 128 ಅಗಲ, 16 ಎತ್ತರದ ಒಂದು ಪುಟ್ಟ ಕಪ್ಪು ಚಿತ್ರ ಮಾಡಿ. ಇದರಲ್ಲಿ ಒಂದು ಪಿಕ್ಸೆಲ್ ಅಂದರೆ ಬೋರ್ಡಿನ ಒಂದು ಚುಕ್ಕಿ. Pencil ತೆಗೆದುಕೊಂಡು, ಗಾತ್ರ 1 ಇಟ್ಟು, ಬಿಳಿ ಬಣ್ಣದಲ್ಲಿ ಬರೆಯಿರಿ.

ಸುಮ್ನೆ ಒಂದು ಕನ್ನಡ ಫಾಂಟ್ ಟೈಪ್ ಮಾಡಿ ಕುಗ್ಗಿಸಿದರೆ ಆಗಲ್ವಾ ಅಂತ ನಾನೂ ಮಾಡಿ ನೋಡಿದ್ದೇನೆ. ಆಗುವುದಿಲ್ಲ. ಅಂಚುಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ, ಒತ್ತಕ್ಷರ ಮುದ್ದೆಯಾಗುತ್ತದೆ. ಹದಿನಾರು ಸಾಲಿನಲ್ಲಿ ಕನ್ನಡಕ್ಕೆ ಜಾಗ ಬಹಳ ಕಡಿಮೆ. 'ಪ್ಪ', 'ಷ್ಟ' ಎರಡಕ್ಕೂ ಕೆಳಗೆ ಒತ್ತು ಬೇಕು. ನಮ್ಮ ಬೋರ್ಡಿನಲ್ಲಿ ತಲೆಕಟ್ಟು ಸೇರಿ ಅಕ್ಷರಕ್ಕೆ 10 ಸಾಲು, ನಡುವೆ ಒಂದು ಖಾಲಿ ಸಾಲು, ಒತ್ತಿಗೆ 5 ಸಾಲು ಹಂಚಿದ್ದರು. ಆ ಖಾಲಿ ಸಾಲು ಇಲ್ಲದಿದ್ದರೆ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಓದಲು ಬರುವುದಿಲ್ಲ.

ಕಳೆದುಹೋದ 8 ಸಾಲುಗಳನ್ನು ಊಹಿಸಿ ತುಂಬುವ ಬದಲು ನಾನು ಬಸ್ ನಿಲ್ದಾಣಕ್ಕೆ ಹೋದೆ. ಅದೇ ರೂಟಿನ, ಅದೇ ಥರದ ಬೋರ್ಡಿದ್ದ ಇನ್ನೊಂದು ಬಸ್ಸು ನಿಂತಿತ್ತು. ಮೊಬೈಲಿನ ಪ್ರೊ ಮೋಡ್‌ನಲ್ಲಿ ಶಟರ್ 1/50 ಇಟ್ಟು ತೆಗೆದೆ, ಎಲ್ಲ ಸಾಲುಗಳೂ ಬಂದವು. ಅದನ್ನು ನೋಡಿ ಚುಕ್ಕಿ ಚುಕ್ಕಿ ಬರೆದುಕೊಂಡೆ. ಆಮೇಲೆ ಹಳೆಯ ಫೋಟೋದಲ್ಲಿ ಉಳಿದಿದ್ದ 8 ಸಾಲುಗಳ ಜೊತೆ ಹೋಲಿಸಿದೆ. ಅಷ್ಟೂ ಸಾಲುಗಳು ಚುಕ್ಕಿಗೆ ಚುಕ್ಕಿ ಕೂಡಿದರೆ ಮಾತ್ರ ಅದು ಅದೇ ಅಕ್ಷರ. ಒಂದು ಚುಕ್ಕಿ ಆಚೀಚೆ ಆದರೂ ಆ ಬೋರ್ಡಿನ ಅಕ್ಷರದ ಕೆತ್ತನೆ ಬೇರೆ ಅಂತ ತಿಳಿಯಬೇಕು.

ಪಿಕ್ಸೆಲ್‌ನಿಂದ ಚುಕ್ಕಿಗೆ

ಪುಟ್ಟ ಚಿತ್ರವನ್ನು Image > Scale Image ನಲ್ಲಿ 20 ಪಟ್ಟು ದೊಡ್ಡದು ಮಾಡಿ, 2560 × 320. Interpolation ಅನ್ನುವಲ್ಲಿ None ಇರಲೇಬೇಕು, ಇಲ್ಲದಿದ್ದರೆ ಚೌಕಗಳ ಅಂಚು ಕಲಸುತ್ತದೆ. ಇನ್ನೊಂದು ಕಡೆ 20 × 20ರ ಕಪ್ಪು ಚೌಕದ ನಡುವೆ ಬಿಳಿ ವೃತ್ತ ಬರೆಯಿರಿ. ವೃತ್ತದ ಅಗಲ ಎಷ್ಟು? ಫೋಟೋದಲ್ಲಿ ಆರಿದ ಚುಕ್ಕಿಯನ್ನು ಅಳೆಯಿರಿ. ಉರಿದದ್ದನ್ನು ಅಳೆದರೆ ಹೊಳಪಿನಿಂದಾಗಿ ಜಾಸ್ತಿ ಬರುತ್ತದೆ. ನನ್ನದು ಅಂತರದ ಅರ್ಧದಷ್ಟಿತ್ತು, ಹಾಗಾಗಿ 10. ಈ ಚೌಕವನ್ನು ಕಾಪಿ ಮಾಡಿ, ಪ್ಯಾಟರ್ನ್ ಆಗಿ ಹೊಸ ಲೇಯರ್‌ಗೆ ತುಂಬಿ, ಲೇಯರ್ ಮೋಡ್ Multiply ಇಡಿ. ಚೌಕಗಳೆಲ್ಲ ದುಂಡಗಾಗುತ್ತವೆ. ಎರಡೂ ಲೇಯರ್ ಸೇರಿಸಿ ಒಂದು ಮಾಡಿ.

ಇದನ್ನು ಫೋಟೋದ ಮೇಲೆ ಲೇಯರ್ ಆಗಿ ತಂದು ಮೋಡ್ Addition ಮಾಡಿದರೆ ಕಪ್ಪು ಮಾಯವಾಗಿ ಚುಕ್ಕಿಗಳಷ್ಟೇ ಉಳಿಯುತ್ತವೆ. Perspective ಟೂಲ್‌ನಿಂದ ನಾಲ್ಕು ಮೂಲೆಗಳನ್ನು ಬೋರ್ಡಿಗೆ ಕೂರಿಸಿ. ಕುಗ್ಗಿಸುತ್ತಿರುವುದರಿಂದ ಇಲ್ಲಿ Interpolation LoHalo ಒಳ್ಳೆಯದು. ಬಹಳ ಜನ ಮೂಲೆಯನ್ನು ಬೋರ್ಡಿನ ಚೌಕಟ್ಟಿಗೆ ಕೂರಿಸುತ್ತಾರೆ. ಚೌಕಟ್ಟಿಗೂ ಚುಕ್ಕಿಗೂ ನಡುವೆ ಖಾಲಿ ಅಂಚು ಇರುತ್ತದಲ್ವಾ, ಅಲ್ಲೇ ಅಂತರ ಕೆಡುವುದು. ಮೂಲೆ ಬೀಳಬೇಕಾದದ್ದು ಕೊನೆಯ ಚುಕ್ಕಿಯ ನಡುವಿನಿಂದ ಅರ್ಧ ಅಂತರ ಹೊರಗೆ.

ಉಳಿದಿರುವ ಹಳೆಯ ಸಾಲುಗಳೇ ಇಲ್ಲಿ ಪರೀಕ್ಷೆ. ಲೇಯರ್ ಒಮ್ಮೆ ಮರೆಮಾಡಿ, ಒಮ್ಮೆ ತೋರಿಸಿ ನೋಡಿ. ಎಡಗಡೆ ಸರಿಯಾಗಿ ಕೂತು ಬಲಗಡೆ ಅರ್ಧ ಚುಕ್ಕಿ ಜಾರಿದ್ದರೆ ಮೂಲೆ ತಪ್ಪಿದೆ, ಇಲ್ಲವೇ ಎಣಿಕೆ ತಪ್ಪಿದೆ. ಕೂತ ಮೇಲೆ ಹಳೆಯ ಉರಿದ ಸಾಲುಗಳನ್ನು Clone ಟೂಲ್‌ನಿಂದ ಅಳಿಸಿ, ಪಕ್ಕದ ಆರಿದ ಚುಕ್ಕಿಗಳನ್ನು ಅಲ್ಲಿಗೆ ತನ್ನಿ. ಅಳಿಸದಿದ್ದರೆ ಹಳೆಯದೂ ಹೊಸದೂ ಸೇರಿ ಆ ಸಾಲುಗಳಷ್ಟೇ ಎದ್ದು ಕಾಣುತ್ತವೆ.

ಹೊಳಪು

ಹೊಳಪನ್ನು ಓರೆ ಮಾಡಿದ ನಂತರವೇ ಕೊಡಿ. ಅದು ಹುಟ್ಟುವುದು ಬೋರ್ಡಿನಲ್ಲಿ ಅಲ್ಲ, ಕ್ಯಾಮೆರಾದ ಲೆನ್ಸ್‌ನಲ್ಲಿ. ಹಾಗಾಗಿ ಅದು ಬೋರ್ಡಿನ ಜೊತೆ ಓರೆಯಾಗುವುದಿಲ್ಲ, ಎಲ್ಲ ಕಡೆಗೂ ಸಮವಾಗಿ ಹರಡುತ್ತದೆ.

ಬಣ್ಣದಲ್ಲೂ ಒಂದು ತಪ್ಪು ಎಲ್ಲರಿಂದಲೂ ಆಗುತ್ತದೆ. ಚುಕ್ಕಿಗೆ ಕಿತ್ತಳೆ ಬಣ್ಣ, ಸುತ್ತ ಬಿಳಿ ಮಬ್ಬು. ನಿಜದಲ್ಲಿ ಅದು ಉಲ್ಟಾ. ಅತಿ ಬೆಳಕಿಗೆ ಕ್ಯಾಮೆರಾದ ಕೆಂಪು ಮೊದಲು ತುಂಬಿಹೋಗುತ್ತದೆ, ಹಿಂದೆಯೇ ಹಸಿರು. ಆದ್ದರಿಂದ ನಡುವೆ ತಿಳಿ ಹಳದಿ ಕಾಣುತ್ತದೆ. ಬೆಳಕು ಕಡಿಮೆಯಾದ ಅಂಚಿನಲ್ಲಿ ಮಾತ್ರ ನಿಜವಾದ ಕಿತ್ತಳೆ ಇರುತ್ತದೆ. ಉಳಿದ ಹಳೆಯ ಸಾಲಿನಿಂದಲೇ ಎರಡೂ ಬಣ್ಣ ಮೊದಲೇ ಎತ್ತಿಟ್ಟುಕೊಳ್ಳಿ.

ಚುಕ್ಕಿ ಲೇಯರ್‌ನ ಮೂರು ಪ್ರತಿ ಮಾಡಿ. ಮೊದಲನೆಯದಕ್ಕೆ ತಿಳಿ ಹಳದಿ, Gaussian Blur 0.8, ಫೋಟೋದ ಮೃದುತನಕ್ಕೆ ಹೊಂದುವಷ್ಟೇ. ಎರಡನೆಯದು ಕಿತ್ತಳೆ, ಬ್ಲರ್ 4, ಅಂದರೆ ಅಂತರದ ಅರ್ಧ, ಒಪಾಸಿಟಿ 40. ಮೂರನೆಯದು ಕಿತ್ತಳೆ, ಬ್ಲರ್ 28, ಒಪಾಸಿಟಿ ಹಗಲೋ ರಾತ್ರಿಯೋ ಅನ್ನುವುದರ ಮೇಲೆ. ನಾನು ಮೊದಲು 15 ಇಟ್ಟೆ. ಬೋರ್ಡ್ ಚಂದ ಕಂಡಿತು, ಆದರೆ ಫೋಟೋಗೆ ಅಂಟಿಸಿದಂತೆ ಕಂಡಿತು. ಸಂಜೆ ನಾಲ್ಕರ ಬಿಸಿಲಿನ ಫೋಟೋ ಅದು, ನೆರಳು ನೆಲದ ಮೇಲೆ ಗಾಢವಾಗಿ ಬಿದ್ದಿತ್ತು. ಅಷ್ಟು ಬೆಳಕಿನಲ್ಲಿ ಅಗಲ ಹೊಳಪು ಕಾಣುವುದೇ ಇಲ್ಲ. 3ಕ್ಕೆ ಇಳಿಸಿದ ಮೇಲೆ ಕೂತಿತು. ರಾತ್ರಿಯ ಫೋಟೋಗೆ 15 ಸರಿಹೋಗುತ್ತದೆ.

ಬ್ಯಾನರ್‌ಗೆ ಅದು ಹಾಗೇ ಹೋಯಿತು. ವಾಟ್ಸಾಪ್‌ಗೆ ಚಿಕ್ಕದು ಮಾಡಿದಾಗ ಮಾತ್ರ ಬೋರ್ಡಿನ ಮೇಲೆ ಅಲೆಅಲೆಯ ಪಟ್ಟೆಗಳು ಎದ್ದವು. ಫೋಟೋವನ್ನು ಕಾಲು ಭಾಗಕ್ಕೆ ಕುಗ್ಗಿಸಿದರೆ ಚುಕ್ಕಿಗಳ ಅಂತರ ಎರಡೇ ಪಿಕ್ಸೆಲ್‌ಗೆ ಬರುತ್ತದೆ, ಅಷ್ಟರಲ್ಲಿ ಚುಕ್ಕಿ ನಿಲ್ಲುವುದಿಲ್ಲ. ಅದಕ್ಕೆಂದೇ ಇನ್ನೊಂದು ಪ್ರತಿ ಮಾಡಿ, ಬೋರ್ಡಿನ ಜಾಗವನ್ನಷ್ಟೇ ಆಯ್ದು ಬ್ಲರ್ 3 ಕೊಟ್ಟು, ಆಮೇಲೆ ಚಿಕ್ಕದು ಮಾಡಿ ಕಳಿಸಿದೆ. ಚುಕ್ಕಿಗಳು ಕಾಣಲಿಲ್ಲ, 'ಕೊಪ್ಪಳ - ಕುಷ್ಟಗಿ' ಓದಲು ಬಂತು.